ಇಂಗ್ಲಿಷಿಗೆ ಬಾರದ ಬೈಗುಳ

ಈ ವಾರ ಒಂದು ಕಥೆ. ನಡೆಯೋದು 2019ರಲ್ಲಿ, ಮುಂಬೈಯ ಒಂದು ಸೆಷನ್ಸ್ ಕೋರ್ಟಿನಲ್ಲಿ. ಆಗಿನ್ನೂ ಐಪಿಸಿ ಇತ್ತು, 302 ಅಂದರೆ ಕೊಲೆ ಅಂತ ಸಿನಿಮಾ ನೋಡಿದವರಿಗೆಲ್ಲ ಗೊತ್ತಿದ್ದ ಕಾಲ.

ಸುಮಿತ್ರಾ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಸಾಕ್ಷಿ ಬಂದಾಗ ಕೋರ್ಟಿನಿಂದ ಅವಳಿಗೆ ಕರೆ ಬರುತ್ತಿತ್ತು. ಹಿಂದೆ ನಾಲ್ಕೈದು ಸಲ ಹೋಗಿದ್ದಳು. ಎಲ್ಲ ಚೆಕ್ ಬೌನ್ಸು, ಬಾಡಿಗೆ ತಕರಾರು. ಅಲ್ಲಿ ಬೈಗುಳ ಬಂದರೂ ಅದರ ಮೇಲೆ ಏನೂ ನಿಂತಿರುತ್ತಿರಲಿಲ್ಲ.

ಈ ಸಲದ್ದು ಕೊಲೆ ಕೇಸು. ಕೆ.ಆರ್. ಪೇಟೆ ಕಡೆಯ ಮೂವರು ಒಂದೇ ಖೋಲಿಯಲ್ಲಿ ಇದ್ದರು, ಒಂದೇ ಕ್ಯಾಂಟೀನಿನಲ್ಲಿ ಕೆಲಸ. ಮಹದೇವನ ಅಪ್ಪ ಊರಲ್ಲಿ ತೀರಿಹೋದರು. ಹೋಗಿ, ಹನ್ನೊಂದನೇ ದಿನದ ತಿಥಿ ಮುಗಿಸಿಕೊಂಡು, ರಾತ್ರಿ ಹತ್ತರ ಹೊತ್ತಿಗೆ ಖೋಲಿಗೆ ವಾಪಸ್ ಬಂದ. ಒಳಗಿದ್ದ ನಂಜುಂಡ ಒಂದು ಮಾತು ಅಂದ. ಮಹದೇವ ಬಾಗಿಲ ಪಕ್ಕದಲ್ಲಿದ್ದ ಮಸಾಲೆ ಅರೆಯುವ ಗುಂಡುಕಲ್ಲು ಎತ್ತಿ ತಲೆಗೆ ಹಾಕಿದ. ಒಂದೇ ಏಟು. ನಂಜುಂಡ ಆಸ್ಪತ್ರೆ ಮುಟ್ಟಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡವನು ಮೂರನೆಯವ, ಸಿದ್ದಯ್ಯ.

ಸುಮಿತ್ರಾಳಿಗೆ ಮೊದಲು ಪ್ರಮಾಣ ಮಾಡಿಸಿದರು. ಸಾಕ್ಷಿಗೆ ಇರುವ ಹಾಗೆ ದುಭಾಷಿಗೂ ಪ್ರಮಾಣ ಉಂಟು. ಕೇಳಿದ ಪ್ರಶ್ನೆಯನ್ನೂ ಕೊಟ್ಟ ಉತ್ತರವನ್ನೂ ನಿಜವಾಗಿ ತಿಳಿಸುತ್ತೇನೆ ಅಂತ. ಇನ್ನೊಂದು ಪದ್ಧತಿ ಇದೆ, ಹೊಸಬರಿಗೆ ವಿಚಿತ್ರ ಅನ್ನಿಸುತ್ತೆ. ಸಾಕ್ಷಿ 'ನಾನು ನೋಡಿದೆ' ಅಂದರೆ ದುಭಾಷಿಯೂ 'ನಾನು ನೋಡಿದೆ' ಅಂತಲೇ ಹೇಳಬೇಕು, 'ಇವರು ನೋಡಿದರಂತೆ' ಅನ್ನೋ ಹಾಗಿಲ್ಲ. ತನ್ನದೇನಾದರೂ ಹೇಳೋದಿದ್ದರೆ ಮಾತ್ರ 'ದುಭಾಷಿಯ ವಿನಂತಿ' ಅಂತ ಶುರುಮಾಡಬೇಕು.

ಸರ್ಕಾರಿ ವಕೀಲರು ಕೇಳಿದರು, "ಆರೋಪಿ ಒಳಗೆ ಬಂದಾಗ ನಂಜುಂಡ ಏನಂದ? ಅದೇ ಮಾತಿನಲ್ಲಿ ಹೇಳಿ."

ಸಿದ್ದಯ್ಯ ಕೈ ಕಟ್ಟಿಕೊಂಡು ನಿಂತಿದ್ದ. "ಏನಿಲ್ಲ ತಾಯಿ, 'ಬಂದ್ಯೇನ್ಲಾ ಮುಂಡೇಮಗ್ನೆ' ಅಂದ."

ಎಲ್ಲರೂ ಸುಮಿತ್ರಾಳ ಮುಖ ನೋಡಿದರು. ಸ್ಟೆನೋ ಬೆರಳುಗಳನ್ನು ಕೀಬೋರ್ಡಿನ ಮೇಲೆ ಇಟ್ಟುಕೊಂಡು ಕಾದಿದ್ದರು. ಆರೋಪಿಯ ಕಟಕಟೆಯಲ್ಲಿದ್ದ ಮಹದೇವ ಮಾತ್ರ ನೆಲ ನೋಡುತ್ತಿದ್ದ. ಅವನಿಗೆ ಅನುವಾದ ಬೇಕಿರಲಿಲ್ಲ.

ಸುಮಿತ್ರಾಳ ಬಾಯಿಗೆ ಮೊದಲು ಬಂದದ್ದು 'ಬಾಸ್ಟರ್ಡ್'. ಸಿನಿಮಾದ ಸಬ್‌ಟೈಟಲ್‌ಗಳಲ್ಲಿ ಎಲ್ಲ ಬೈಗುಳಕ್ಕೂ ಅದನ್ನೇ ಹಾಕುತ್ತಾರಲ್ಲ. ಆದರೆ ಅದು ಮದುವೆಯಾಗದೆ ಹುಟ್ಟಿದವನು ಅಂತ, ನೇರವಾಗಿ ತಾಯಿಯ ನಡತೆಗೆ ಕೈ ಹಾಕುವ ಪದ. ಮುಂಡೆ ಅಂದರೆ ಮುಂಡನ ಮಾಡಿಸಿಕೊಂಡವಳು, ಗಂಡ ಸತ್ತು ತಲೆ ಬೋಳಿಸಿದ ಹೆಂಗಸು. ವಿಧವೆಗೆ ಹುಟ್ಟಿದವನು ಅನ್ನೋ ಚುಚ್ಚು ಆ ಬೈಗುಳದ ಒಳಗೆ ಎಲ್ಲೋ ಇದೆ, ಇಲ್ಲ ಅನ್ನೋಕಾಗಲ್ಲ. ಆದರೆ ಮಂಡ್ಯದ ಕಡೆ ಅಜ್ಜಿ ಮೊಮ್ಮಗುವಿನ ಕೆನ್ನೆ ಹಿಂಡಿ 'ಮುಂಡೇದೇ' ಅನ್ನುವಾಗ ಆ ಅರ್ಥ ಯಾರ ತಲೆಯಲ್ಲೂ ಇರಲ್ಲ.

ಹಾಗಾದರೆ ಪದಕ್ಕೆ ಪದ ಇಟ್ಟು 'ವಿಧವೆಯ ಮಗ' ಅನ್ನೋಣವೇ? ಇಂಗ್ಲಿಷಿನಲ್ಲಿ ಅದು ಬೈಗುಳವೇ ಅಲ್ಲ, ಕೇಳಿದರೆ ಅಯ್ಯೋ ಪಾಪ ಅನ್ನಿಸುತ್ತೆ. 'ರಾಸ್ಕಲ್' ಅಂದರೆ ಅಜ್ಜಿಯ ಮುದ್ದಿಗೆ ಹತ್ತಿರ, ಆದರೆ ಸತ್ತ ಅಪ್ಪ ಆ ಪದದಲ್ಲಿ ಎಲ್ಲೂ ಇಲ್ಲ. ಜಡ್ಜ್ ಮರಾಠಿಯವರು, ಮರಾಠಿಯಲ್ಲೇ ಹೇಳಿಬಿಡೋಣ ಅಂದರೆ ಅಲ್ಲಿ ವಿಧವೆಗೆ ಇರುವ ಬೈಗುಳದ ಪದಕ್ಕೆ ವೇಶ್ಯೆ ಅನ್ನೋ ಅರ್ಥವೇ ಮುಂದೆ ನಿಲ್ಲುತ್ತೆ. ಅದು ನಂಜುಂಡ ಹೇಳಿದ್ದಕ್ಕಿಂತ ದೊಡ್ಡದು.

ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಆ ಕೇಸು ನಿಂತಿದ್ದೇ ಆ ಪದದ ಮೇಲೆ. ಐಪಿಸಿ 300ರ ಮೊದಲ ವಿನಾಯಿತಿ ಹೀಗಿತ್ತು. ಎದುರಿನವನು ಗಂಭೀರವಾಗಿ, ಹಠಾತ್ತಾಗಿ ಕೆರಳಿಸಿದ್ದರಿಂದ ಮೈಮೇಲೆ ಹಿಡಿತ ತಪ್ಪಿ ಕೊಂದಿದ್ದರೆ ಅದು ಕೊಲೆ ಅನ್ನಿಸಿಕೊಳ್ಳಲ್ಲ. 302ರಿಂದ 304ಕ್ಕೆ ಇಳಿಯುತ್ತೆ. 302ಕ್ಕೆ ಕಡಿಮೆ ಅಂದರೂ ಜೀವಾವಧಿ. 304ರಲ್ಲಿ ಜಡ್ಜ್ ಹತ್ತು ವರ್ಷಕ್ಕೋ ಅದಕ್ಕೂ ಕೆಳಗೋ ನಿಲ್ಲಿಸಬಹುದು. ಬರೀ ಮಾತು ಕೂಡ ಕೆಲವು ಸಂದರ್ಭದಲ್ಲಿ ಅಂಥ ಕೆರಳಿಕೆ ಆಗಬಹುದು ಅಂತ 1961ರಲ್ಲೇ, ಇದೇ ಮುಂಬೈಯ ನಾನಾವತಿ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. ಅಳತೆಗೋಲು ಯಾವುದು? ಆರೋಪಿಯಂಥದೇ ಸಮಾಜದಿಂದ ಬಂದ ಒಬ್ಬ ಸಾಮಾನ್ಯ ಮನುಷ್ಯ ಆ ಸನ್ನಿವೇಶದಲ್ಲಿ ಹಿಡಿತ ತಪ್ಪುತ್ತಿದ್ದನೇ ಅನ್ನೋದು.

ಅಂದರೆ ಸುಮಿತ್ರಾ 'ಬಾಸ್ಟರ್ಡ್' ಅಂದರೆ ಮಹದೇವನ ಕಡೆಗೆ ತಕ್ಕಡಿ ವಾಲುತ್ತೆ. 'ರಾಸ್ಕಲ್' ಅಂದರೆ ಅವನ ಕುತ್ತಿಗೆಗೆ. ಹೇಳಿದವನ ಬಾಯಲ್ಲಿ ಅದು 'ರಾಸ್ಕಲ್' ಇರಬಹುದು, ಕೇಳಿದವನ ಕಿವಿಯಲ್ಲಿ ಅಕ್ಷರಶಃ 'ವಿಧವೆಯ ಮಗ'. ಹನ್ನೊಂದು ದಿನದ ಹಿಂದಷ್ಟೇ ಅವನು ಹಾಗೆ ಆಗಿದ್ದ. ಅಮ್ಮನ ಬಳೆ ಒಡೆದದ್ದನ್ನು ನೋಡಿಕೊಂಡು ಬಸ್ ಹತ್ತಿದ್ದ.

"ಮೇಡಂ, ಹೇಳಿ" ಅಂದರು ಜಡ್ಜ್.

"ದುಭಾಷಿಯ ವಿನಂತಿ, ಯುವರ್ ಆನರ್. ಇದಕ್ಕೆ ಸಮನಾದ ಒಂದು ಇಂಗ್ಲಿಷ್ ಪದ ನನ್ನಲ್ಲಿಲ್ಲ. ಸಾಕ್ಷಿ ಹೇಳಿದ ಪದವನ್ನೇ ಇದ್ದ ಹಾಗೆ ದಾಖಲಿಸಬೇಕು ಅಂತ ಕೇಳ್ಕೋತೀನಿ."

"ಪದಶಃ ಅರ್ಥ ಏನು?"

"ವಿಧವೆಯ ಮಗ."

"ಅದರಲ್ಲಿ ಬೈಗುಳ ಎಲ್ಲಿದೆ?"

ಬಾಯಿಬಿಟ್ಟರೆ ಅರ್ಧ ಗಂಟೆ ಹೇಳಬಹುದಿತ್ತು. ಟೀಚರ್ ಬೇರೆ. ಅವಳು ಶುರುಮಾಡುವ ಮೊದಲೇ ಸರ್ಕಾರಿ ವಕೀಲರು ಎದ್ದರು. "ಇವರು ಅನುವಾದಕ್ಕೆ ಬಂದಿದ್ದಾರೆ, ಸಾಕ್ಷಿ ಹೇಳೋಕಲ್ಲ." ಮಾತು ಒರಟಾಗಿತ್ತು, ಆದರೆ ನನ್ನ ಕೇಳಿದರೆ ಸರಿಯಾಗಿತ್ತು. ಪದದ ಅರ್ಥ ದುಭಾಷಿಯ ಕೆಲಸ. ಆ ಖೋಲಿಯಲ್ಲಿ ಆ ಪದಕ್ಕೆ ಎಷ್ಟು ತೂಕ ಇತ್ತು ಅನ್ನೋದು ಆ ಖೋಲಿಯಲ್ಲಿದ್ದವನೇ ಹೇಳಬೇಕಾದ ವಿಷಯ.

"ಅದನ್ನು ಸಾಕ್ಷಿಯನ್ನೇ ಕೇಳಬಹುದು, ಯುವರ್ ಆನರ್" ಅಂದಳು ಸುಮಿತ್ರಾ.

ಜಡ್ಜ್ ತಲೆಯಾಡಿಸಿ ಸ್ಟೆನೋಗೆ ಹೇಳಿಸಿ ಬರೆಸಿದರು. ಸ್ಟೆನೋ ಕತ್ತೆತ್ತಿ, "ಸ್ಪೆಲಿಂಗ್ ಹೇಗೆ ಮೇಡಂ? ಒಂದು ಪದವಾ, ಎರಡಾ?" ಅಂದರು. ಸುಮಿತ್ರಾ ಒಂದು ಕ್ಷಣ ಯೋಚಿಸಿದಳು. ಬಿಡಿಸಿ ಬರೆದರೆ ಸಂಬಂಧ, ಕೂಡಿಸಿ ಬರೆದರೆ ಬೈಗುಳ. "ಒಂದೇ ಪದ" ಅಂದು ಒಂದೊಂದೇ ಅಕ್ಷರ ಹೇಳಿದಳು.

ಆಮೇಲೆ ಜಡ್ಜ್ ತಾವೇ ಸಿದ್ದಯ್ಯನನ್ನು ಕೇಳಿದರು, "ನಿಮ್ಮ ಕಡೆ ಈ ಮಾತನ್ನು ಯಾವಾಗ ಬಳಸುತ್ತೀರಿ?"

ಸಿದ್ದಯ್ಯನಿಗೆ ನಾಚಿಕೆಯಾಯಿತು. "ಯಾವಾಗ್ಲೂ ಅಂತೀವಿ ಸ್ವಾಮಿ. ಎತ್ಗೂ ಅಂತೀವಿ, ಮಗೀಗೂ ಅಂತೀವಿ. ನಂಜ ನನ್ನೂ ಹಂಗೇ ಕರೀತಿದ್ದ." ಸ್ವಲ್ಪ ತಡೆದು, "ಅಪ್ಪ ಸತ್ತ ಮನೇಲಿ ಅನ್ನಾಕಿಲ್ಲ" ಅಂದ.

ಸುಮಿತ್ರಾ ಅಷ್ಟನ್ನೂ ಹೇಳಿದಳು. ಕೊನೆಯ ವಾಕ್ಯಕ್ಕೆ ಒತ್ತು ಕೊಡಲಿಲ್ಲ, ತಗ್ಗಿಸಲೂ ಇಲ್ಲ. ಆರೋಪಿ ಪರ ವಕೀಲರು ಏನನ್ನೋ ಜೋರಾಗಿ ಗುರುತು ಹಾಕಿಕೊಂಡರು. ಪಾಟೀಸವಾಲಿನಲ್ಲಿ ಅವರ ಮೊದಲ ಪ್ರಶ್ನೆಯೇ ಅದು. "ಮಹದೇವನ ತಂದೆ ತೀರಿಹೋದದ್ದು ನಂಜುಂಡನಿಗೆ ಗೊತ್ತಿತ್ತೇ?"

"ಗೊತ್ತಿತ್ತು ಸ್ವಾಮಿ. ಊರಿಗೆ ಹೋಗಾಕೆ ಎರಡು ಸಾವಿರ ಕೊಟ್ಟಿದ್ದೇ ಅವ್ನು."

ವಕೀಲರಿಗೆ ಬೇಕಾಗಿದ್ದು ಮೊದಲ ವಾಕ್ಯ ಮಾತ್ರ. ಎರಡನೆಯದನ್ನು ಅನುವಾದ ಮಾಡುವುದು ಬೇಡ ಅನ್ನೋ ಹಾಗೆ ಕೈ ಎತ್ತಿದರು. ಸುಮಿತ್ರಾ ಮಾಡಿದಳು. ಸಾಕ್ಷಿ ಹೇಳಿದ್ದರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಆರಿಸುವುದು ಅವಳ ಕೆಲಸ ಅಲ್ಲ.

ಸಾಕ್ಷ್ಯ ಮುಗಿದ ಮೇಲೆ ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು. ಭಾಷೆ ಬಾರದಿದ್ದರೆ ಅವನ ಭಾಷೆಯಲ್ಲೇ ತಿಳಿಸಬೇಕು, ತಪ್ಪಿದ್ದರೆ ಅವನು ಆಗಲೇ ಹೇಳಬಹುದು. ಕಾನೂನಿನಲ್ಲೇ ಇರುವ ನಿಯಮ. ಊಟದ ಹೊತ್ತು ಹತ್ತಿರವಾದರೆ ಬೇಗ ಬೇಗ ಮುಗಿಸಿಬಿಡುವ ಭಾಗವೂ ಇದೇ. ಸುಮಿತ್ರಾ ಮಾತ್ರ ಪ್ರಿಂಟ್ ಹಾಳೆ ಹಿಡಿದು, ಇಂಗ್ಲಿಷ್ ಆಗಿದ್ದ ಸಿದ್ದಯ್ಯನ ಮಾತನ್ನು ಸಾಲು ಸಾಲಾಗಿ ಮತ್ತೆ ಕನ್ನಡಕ್ಕೆ ತರುತ್ತಾ ಹೋದಳು.

"ರಾತ್ರಿ ಹತ್ತು ಗಂಟೆಗೆ ಮಹದೇವ ಒಳಗೆ ಬಂದ. ನಂಜುಂಡ ಅವನಿಗೆ ಮುಂಡೇಮಗ್ನೆ ಅಂದ. ಮಹದೇವ ಕಲ್ಲು ತಗೊಂಡು..."

"ತಡೀರಿ ತಾಯಿ" ಅಂದ ಸಿದ್ದಯ್ಯ. "ಅದು ಹಂಗಲ್ಲ."

ಸುಮಿತ್ರಾ ಹಾಳೆ ನೋಡಿದಳು. ಪದ ಸರಿಯಾಗೇ ಇತ್ತು, ಸ್ಪೆಲಿಂಗೂ ಸರಿ.

"'ಬಂದ್ಯೇನ್ಲಾ' ಬುಟ್ಟೋಗದೆ. ಅವ್ನು ಸುಮ್ನೆ ಬೈಲಿಲ್ಲ. ಬಾಗಿಲ ತಾವ ನಿಂತಿದ್ದವ್ನ ನೋಡಿ, ನಗ್ತಾ, 'ಬಂದ್ಯೇನ್ಲಾ' ಅಂದ, ಆಮ್ಯಾಕೆ ಅದಂದ. ತಟ್ಟೇಲಿ ಮುದ್ದೆ ಮಡ್ಗಿದ್ದ ಅವ್ನಿಗೆ."

ಬೈಗುಳದ ಮೇಲೆ ಎಲ್ಲರೂ ಬಿದ್ದಿದ್ದ ಆ ಹತ್ತು ನಿಮಿಷದಲ್ಲಿ ಅದರ ಹಿಂದಿನ ಪದ ಯಾರ ಕೈಗೂ ಸಿಗದೆ ಜಾರಿತ್ತು. ಜಡ್ಜ್ ಹೇಳಿ ಬರೆಸಿರಲಿಲ್ಲ, ಸ್ಟೆನೋ ಬರೆದುಕೊಂಡಿರಲಿಲ್ಲ. ಸುಮಿತ್ರಾ ಜಡ್ಜ್ ಕಡೆ ತಿರುಗಿ ಸಾಕ್ಷಿ ಹೇಳಿದ್ದಷ್ಟನ್ನೂ, ನಗುವನ್ನೂ ಮುದ್ದೆಯನ್ನೂ ಸೇರಿಸಿ, ಹೇಳಿದಳು. ಆರೋಪಿ ಪರ ವಕೀಲರು ಆಕ್ಷೇಪ ಎತ್ತಿದರು. ಇದು ತಿದ್ದುಪಡಿ ಅಲ್ಲ, ಹೊಸ ಹೇಳಿಕೆ ಅಂತ. ಸರ್ಕಾರಿ ವಕೀಲರು ಮೊದಲ ಸಲ ಸಿದ್ದಯ್ಯನ ಕಡೆ ಪ್ರೀತಿಯಿಂದ ನೋಡಿದರು.

ಜಡ್ಜ್ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಸಾಕ್ಷಿಯ ಮೊದಲ ಉತ್ತರದಲ್ಲೇ ಈ ಮಾತು ಇತ್ತೇ ಅಂತ ದುಭಾಷಿಯನ್ನು ಕೇಳಿದರು. "ಬಂದೆಯಾ ಅನ್ನುವ ಮಾತು ಇತ್ತು, ಯುವರ್ ಆನರ್. ನಗುವುದು, ತಟ್ಟೆ ಇರಲಿಲ್ಲ." ಹಾಗಾದರೆ ಮಾತನ್ನು ಸೇರಿಸೋಣ, ಉಳಿದದ್ದನ್ನು ಸಾಕ್ಷಿಯ ಆಕ್ಷೇಪಣೆ ಅಂತ ಬೇರೆಯಾಗಿ ಟಿಪ್ಪಣಿ ಮಾಡೋಣ ಅಂದರು.

"ಇದನ್ನಾದರೂ ಇಂಗ್ಲಿಷಿಗೆ ಮಾಡಬಹುದಲ್ಲ?"

"ಹೌದು. 'ಸೋ ಯೂ ಹ್ಯಾವ್ ಕಮ್'" ಅಂದಳು. ಆ 'ಲಾ'ಗೆ ಏನು ಮಾಡೋದು ಅಂತ ಗೊತ್ತಾಗದೆ ಹಾಗೇ ನಿಂತಳು. ಅಷ್ಟರಲ್ಲಿ ಜಡ್ಜ್ ಸಾಲಿನ ಮೇಲೆ ಕೈಯಲ್ಲೇ ಬರೆದು, ಪಕ್ಕದಲ್ಲಿ ಸಹಿ ಹಾಕಿ, ಹಾಳೆಯನ್ನು ಸಿದ್ದಯ್ಯನ ಹೆಬ್ಬೆಟ್ಟಿಗೆ ಕೆಳಗೆ ಕಳಿಸಿದ್ದರು.

ಕಟಕಟೆಯಲ್ಲಿ ಮಹದೇವ ತಲೆ ಎತ್ತಿದ್ದ. "ಮುದ್ದೆ ಮಡ್ಗಿದ್ನಾ?" ಅಂತ ಸಿದ್ದಯ್ಯನನ್ನು ಕೇಳಿದ. ಪೊಲೀಸಿನವರು ಸುಮ್ಮನಿರು ಅಂದರು. ಜಡ್ಜ್ ಸುಮಿತ್ರಾ ಕಡೆ ತಿರುಗಿ, "ಏನಂತೆ?" ಅಂದರು.

ಅವಳು ಹೇಳಿದಳು. ಸ್ಟೆನೋ ಅದನ್ನು ಬರೆದುಕೊಳ್ಳಲಿಲ್ಲ.