ಕ್ಯಾಪ್ ಕೊಟ್ಟರೆ ಕತ್ತಿಗೆ ಏನು ಸಿಕ್ತು?

ನಮ್ಮ ಕ್ಯಾಂಪಸ್‌ನಲ್ಲಿ ಗಾರ್ಡನ್ ಕೆಲಸ ಮಾಡುವವರಿಗೆ ಈ ಸಲ ಬೇಸಿಗೆಗೆ ಕ್ಯಾಪ್ ಹಂಚಿದ್ದಾರೆ. ಕ್ರಿಕೆಟ್ ಆಡುವಾಗ ನಾವು ಹಾಕ್ಕೊಳ್ತೀವಲ್ಲ, ಅದೇ ಥರದ್ದು, ಮುಂದೆ ಕಾಲೇಜಿನ ಲೋಗೋ. ಕೊಟ್ಟಿದ್ದು ಒಳ್ಳೇದೇ. ಆದರೆ ಅವರು ದಿನವಿಡೀ ಮಾಡೋದು ಬಗ್ಗಿ ಕಳೆ ಕೀಳುವ ಕೆಲಸ. ಆ ಕ್ಯಾಪ್ ಹಣೆ, ಮೂಗಿಗೆ ನೆರಳು ಕೊಡುತ್ತೆ. ಕಿವಿಗೂ ಕತ್ತಿನ ಹಿಂಭಾಗಕ್ಕೂ ಏನೂ ಇಲ್ಲ. ಬಗ್ಗಿದವರಿಗೆ ಬಿಸಿಲು ನೇರವಾಗಿ ಬೀಳೋದು ಕತ್ತಿನ ಮೇಲೇ. ಹಾಗಾಗಿ ಇದು ತಪ್ಪು ಟೋಪಿ ಅಂತ ನನ್ನ ವಾದ, ಮತ್ತು ಸರಿಯಾದದ್ದನ್ನು ಆರಿಸೋದಕ್ಕೆ ಪಿಯುಸಿ ಟ್ರಿಗನಾಮೆಟ್ರಿ ಸಾಕು.

ಮೊದಲು ಟೋಪಿಯ ಅಂಚಿನ ಅಗಲ ನೋಡೋಣ. ನಿಂತವನ ಟೋಪಿಯ ಅಂಚು ಕೆಳಗೆ ಎಷ್ಟು ಉದ್ದ ನೆರಳು ಕೊಡುತ್ತೆ ಅನ್ನೋದು ಇಷ್ಟೇ:

```
h = b × tan(θ)
```

ಇಲ್ಲಿ b ಅಂದ್ರೆ ಅಂಚಿನ ಅಗಲ, θ ಅಂದ್ರೆ ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಅನ್ನುವ ಕೋನ. ಬೆಂಗಳೂರಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಶೂನ್ಯ ನೆರಳಿನ ದಿನ ಬರುತ್ತಲ್ಲ, ಆಗ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಗಂಟೆಗೆ ಸುಮಾರು 15 ಡಿಗ್ರಿ ಏರುತ್ತಾನೆ. ಅಂದ್ರೆ ಬೆಳಿಗ್ಗೆ 9.20ರ ಹೊತ್ತಿಗೆ 45 ಡಿಗ್ರಿ, 10.20ಕ್ಕೆ 60 ಡಿಗ್ರಿ. ಆಸ್ಟ್ರೇಲಿಯಾದಲ್ಲಿ ದೊಡ್ಡವರ ಅಗಲ ಅಂಚಿನ ಟೋಪಿಗೆ ಕನಿಷ್ಠ 7.5 ಸೆಂ.ಮೀ. ಇರಬೇಕು ಅಂತ ಹೇಳ್ತಾರೆ. ಅದನ್ನೇ ತಗೊಂಡರೆ 9.20ಕ್ಕೆ ನೆರಳು 7.5 ಸೆಂ.ಮೀ., 10.20ಕ್ಕೆ 13 ಸೆಂ.ಮೀ. ಅಂಚಿನಿಂದ ಅಂಗಿಯ ಕಾಲರ್‌ವರೆಗೆ ಸುಮಾರು 13 ಸೆಂ.ಮೀ. ಅಂದ್ಕೊಳ್ಳಿ. ಬಿಸಿಲು ಜೋರಾಗುವ ಹೊತ್ತಿಗೆ, ನಿಂತವನ ಕತ್ತು ಪೂರ್ತಿ ನೆರಳಲ್ಲಿ. ಇಲ್ಲಿವರೆಗೆ ಟೋಪಿ ಪಾಸ್.

ಈಗ ಅದೇ ಮನುಷ್ಯ ಕಳೆ ಕೀಳೋಕೆ ಬಗ್ಗಲಿ. ಮಧ್ಯಾಹ್ನ, ಸೂರ್ಯ ನೆತ್ತಿ ಮೇಲೆ, ಬೆನ್ನು-ತಲೆ ಎರಡೂ ಒಟ್ಟಿಗೆ 50 ಡಿಗ್ರಿ ಮುಂದಕ್ಕೆ. ಟೋಪಿಯೂ ತಲೆಯ ಜೊತೆಗೇ ಬಾಗುತ್ತೆ. ಟೋಪಿಯ ಲೆಕ್ಕದಲ್ಲಿ ಸೂರ್ಯ ಈಗ ಮೇಲಿಲ್ಲ, ಹಿಂದಿನಿಂದ 40 ಡಿಗ್ರಿಯಲ್ಲಿದ್ದಾನೆ. 7.5 ಸೆಂ.ಮೀ. ಅಂಚು ಕೊಡುವ ನೆರಳು 6.3 ಸೆಂ.ಮೀ.ಗೆ ಇಳಿಯಿತು. ಅರ್ಧ ಕತ್ತು ಬಿಸಿಲಿಗೆ. ಅಂಚನ್ನೇ ದೊಡ್ಡದು ಮಾಡೋಣ ಅಂದ್ರೆ, 13 ಸೆಂ.ಮೀ. ಮುಚ್ಚೋಕೆ ಸುಮಾರು 15.5 ಸೆಂ.ಮೀ. ಅಂಚು ಬೇಕು. ಅಷ್ಟಗಲದ ಟೋಪಿ ಗಾಳಿಗೆ ಹಾರುತ್ತೆ, ಹೆಗಲಿಗೆ ತಾಗುತ್ತೆ, ಎರಡನೇ ದಿನ ಗಿಡದ ಕೊಂಬೆಗೆ ನೇತು ಹಾಕಿರ್ತಾರೆ.

ಅದಕ್ಕೇ ಬಗ್ಗಿ ಮಾಡುವ ಕೆಲಸಕ್ಕೆ ಅಂಚೊಂದೇ ಉತ್ತರ ಅಲ್ಲ, ಹಿಂದೆ ಜೋತುಬೀಳುವ ಬಟ್ಟೆ ಬೇಕು. ಒಂದು ಕಿವಿಯ ಮುಂದಿನಿಂದ ಇನ್ನೊಂದು ಕಿವಿಯ ಮುಂದಿನವರೆಗೆ ಟೋಪಿಗೆ ಹೊಲಿದಿರಬೇಕು, ಬಗ್ಗಿದಾಗಲೂ ಕಾಲರ್‌ನ ಮೇಲೆ ಒಂದಷ್ಟು ಉಳಿಯುವಷ್ಟು ಉದ್ದ ಇರಬೇಕು. ನಮ್ಮ ಹೊಲಗಳಲ್ಲಿ ತಲೆಗೆ ಟವೆಲ್ ಸುತ್ತಿ ತುದಿಯನ್ನು ಹಿಂದೆ ಇಳಿಬಿಡ್ತಾರಲ್ಲ, ಐಡಿಯಾ ಅದೇ. ಕತ್ತಿನ ಮಟ್ಟಿಗೆ ಆ ಟವೆಲ್ ಈ ಲೋಗೋ ಕ್ಯಾಪ್‌ಗಿಂತ ಒಳ್ಳೆಯ ಡಿಸೈನ್.

ಎರಡನೇದು ಯುಪಿಎಫ್. ಆನ್‌ಲೈನ್‌ನಲ್ಲಿ ಟೋಪಿ ಹುಡುಕಿದರೆ ಎಲ್ಲದರ ಮೇಲೂ 50+ ಅಂತ ದೊಡ್ಡದಾಗಿ ಬರೆದಿರುತ್ತೆ. ಇದು ಬಟ್ಟೆ ಎಷ್ಟು ಯುವಿ ಒಳಗೆ ಬಿಡುತ್ತೆ ಅನ್ನುವ ಲೆಕ್ಕ. ಯುಪಿಎಫ್ 50 ಅಂದ್ರೆ ಐವತ್ತರಲ್ಲಿ ಒಂದು ಪಾಲು, ಅಂದ್ರೆ ನೂರಕ್ಕೆ 2 ಒಳಗೆ ಬರುತ್ತೆ. ಯುಪಿಎಫ್ 30 ಆದರೆ ನೂರಕ್ಕೆ 3.3. ಎರಡರ ನಡುವಿನ ವ್ಯತ್ಯಾಸ 1.3. ಮುಚ್ಚದೇ ಬಿಟ್ಟ ಕತ್ತಿಗೆ ಬೀಳೋದು ನೂರಕ್ಕೆ ನೂರು! ಯುಪಿಎಫ್ 50+ ಬಟ್ಟೆಯ ಕ್ಯಾಪ್‌ಗಿಂತ ಯುಪಿಎಫ್ 30 ಬಟ್ಟೆಯ, ಕತ್ತು ಮುಚ್ಚುವ ಟೋಪಿಯೇ ಮೇಲು. ಲೇಬಲ್ ಹೇಳೋದು ಬಟ್ಟೆಯ ಬಗ್ಗೆ, ಆಕಾರದ ಬಗ್ಗೆ ಅಲ್ಲ. ಆ ನಂಬರನ್ನು ಸಾಮಾನ್ಯವಾಗಿ ಒಣ, ಎಳೆಯದ ಬಟ್ಟೆಯ ಮೇಲೆ ಅಳೀತಾರೆ ಅನ್ನೋದನ್ನೂ ನೆನಪಿಡಬೇಕು. ತೆಳು ಬಿಳಿ ಕಾಟನ್ ಬೆವರಲ್ಲಿ ನೆನೆದರೆ ಇನ್ನೂ ಹೆಚ್ಚು ಯುವಿ ಬಿಡುತ್ತೆ. ಟವೆಲ್‌ನ ವೀಕ್ ಪಾಯಿಂಟ್ ಇದೇ. ಅಂಗಡಿಯಲ್ಲಿ ಯುಪಿಎಫ್ ಅಳೆಯೋಕಾಗಲ್ಲ, ಆದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬಹುದು. ನೇಯ್ಗೆಯ ಸಂದಿಯಲ್ಲಿ ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅಲ್ಲಿಂದ ಯುವಿಯೂ ಬರುತ್ತೆ. ಬೆಳಕು ಕಾಣದಿದ್ದರೆ ಪೂರ್ತಿ ಸೇಫ್ ಅಂತ ಅರ್ಥ ಅಲ್ಲ, ಕಂಡರೆ ಮಾತ್ರ ಖಂಡಿತ ಬೇಡ.

ಮೂರನೇದು ಗಾಳಿ. ದಪ್ಪ ಬಟ್ಟೆಯ, ತಲೆಗೆ ಅಂಟಿಕೊಂಡ ಟೋಪಿಯಲ್ಲಿ ಬೆವರು ಆರಲ್ಲ. ಆರದಿದ್ದರೆ ತಲೆ ತಂಪಾಗಲ್ಲ. ಸರಿ, ಜಾಲರಿ ಬಟ್ಟೆ ಹಾಕೋಣ ಅಂತೀರಾ? ಬಟ್ಟೆಯಲ್ಲಿ ನೂರಕ್ಕೆ 20 ಭಾಗ ಬರೀ ತೂತು ಇದ್ದರೆ ಅಷ್ಟು ಬಿಸಿಲು ನೇರವಾಗಿ ಒಳಗೆ. ಉಳಿದ ದಾರ ಎಷ್ಟೇ ಒಳ್ಳೇದಿರಲಿ, ಒಟ್ಟು ಯುಪಿಎಫ್ 5ನ್ನು ದಾಟಲ್ಲ. ಹಾಗಂತ ಗಾಳಿ ಬಿಟ್ಟುಬಿಡೋಕೂ ಆಗಲ್ಲ. ದಾರಿ ಏನಂದ್ರೆ, ತೂತನ್ನು ನೆರಳಲ್ಲಿಡೋದು. ಟೋಪಿಯ ಪಕ್ಕದಲ್ಲಿ ಜಾಲರಿ ಪಟ್ಟಿ, ಅದರ ಮೇಲೆ ಬಟ್ಟೆಯ ಇನ್ನೊಂದು ಪದರ ಚಾವಣಿ ಥರ ಇಳಿದಿರೋದು. ಬಿಸಿಲು ಮೇಲಿನ ಪದರಕ್ಕೆ ಬೀಳುತ್ತೆ, ಗಾಳಿ ಕೆಳಗಿಂದ ಹೋಗುತ್ತೆ. ಹಿಂದಿನ ಬಟ್ಟೆಯೂ ಕತ್ತಿಗೆ ಅಂಟದೆ ಸಡಿಲವಾಗಿ ಜೋತಾಡಬೇಕು, ನಡೆದಾಗ ಅದೇ ಗಾಳಿ ಬೀಸುತ್ತೆ.

ನನ್ನ ಪ್ರಕಾರ ನಿರ್ಧಾರ ಆಗಬೇಕಾದ್ದು ಈ ಕ್ರಮದಲ್ಲಿ: ಮೊದಲು ಆಕಾರ, ಆಮೇಲೆ ಗಾಳಿ, ಕೊನೆಗೆ ಯುಪಿಎಫ್ ನಂಬರ್. ಸೆಕೆಗೆ ತೆಗೆದಿಟ್ಟ ಟೋಪಿಯ ರಕ್ಷಣೆ ಸೊನ್ನೆ.

"ನಮ್ಮ ಚರ್ಮಕ್ಕೆ ಇದೆಲ್ಲ ಬೇಡ ಮಗಾ" ಅಂತ ಹಾಸ್ಟೆಲ್‌ನಲ್ಲಿ ಒಬ್ಬ ಅಂದ. ಅರ್ಧ ನಿಜ. ಕಂದು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಸಾಧ್ಯತೆ ಬಿಳಿಯರಿಗಿಂತ ತುಂಬಾ ಕಮ್ಮಿ. ಆದರೆ ಕಣ್ಣಿಗೆ ಆ ರಿಯಾಯಿತಿ ಇಲ್ಲ. ವರ್ಷಗಟ್ಟಲೆ ಯುವಿ ಬಿದ್ದರೆ ಕಣ್ಣಿನ ಪೊರೆಯ ಸಾಧ್ಯತೆ ಹೆಚ್ಚುತ್ತೆ. ಬಿಸಿಲಿನ ಝಳವಂತೂ ಬಣ್ಣ ನೋಡಿ ಹೊಡೆಯಲ್ಲ.

ಎಲ್ಲರಿಗೂ ಒಂದೇ ಟೋಪಿ ಅನ್ನೋದೂ ನಡೆಯಲ್ಲ. ಹೊಸ ಬ್ಲಾಕ್ ಕಟ್ಟುವ ಕಡೆ ತಲೆ ಮೇಲೆ ಸಿಂಬಿ ಇಟ್ಟು ಬಾಂಡ್ಲಿ ಹೊರುವ ಅಕ್ಕಂದಿರಿಗೆ ಅಂಚಿನ ಟೋಪಿ ಕೊಟ್ಟರೆ ಮೊದಲ ಬಾಂಡ್ಲಿಗೇ ಅಪ್ಪಚ್ಚಿ. ಅವರಿಗೆ ಬೇಕಾಗಿರೋದು ಸಿಂಬಿಯ ಕೆಳಗೆ ಕೂರುವ, ಹಿಂದೆ ಇಳಿಯುವ ಒತ್ತು ನೇಯ್ಗೆಯ ಬಟ್ಟೆ. ಹೆಲ್ಮೆಟ್ ಕಡ್ಡಾಯ ಇರುವ ಕಡೆ, ಒಳಗೆ ದಪ್ಪ ಟವೆಲ್ ತುರುಕಿದರೆ ಹೆಲ್ಮೆಟ್ ಸರಿಯಾಗಿ ಕೂರಲ್ಲ, ತಲೆಗೂ ಚಿಪ್ಪಿಗೂ ನಡುವೆ ಬೇಕಾದ ಜಾಗವೂ ಹೋಗುತ್ತೆ. ಗಾಳಿಗೆ ಅಂತ ತೂತು ಕೊರೆದರೆ ಚಿಪ್ಪೇ ವೀಕ್. ಅಲ್ಲಿಗೆ ಆ ಹೆಲ್ಮೆಟ್‌ಗೆ ಅಂತಲೇ ಮಾಡಿದ ಅಂಚು, ಕತ್ತಿನ ಬಟ್ಟೆ ತರಬೇಕು.

ಹಾಗಾಗಿ ಮುಂದಿನ ಆರ್ಡರ್ ಹಾಕೋ ಮುಂಚೆ ಎರಡು ಮೂರು ಥರದ ಟೋಪಿ ಒಂದೊಂದೇ ತರಿಸಿ, ಅವರ ಕೈಗೇ ಕೊಟ್ಟು, ಒಂದು ವಾರ ಕೆಲಸ ಮಾಡೋಕೆ ಬಿಡಿ. ಮಧ್ಯಾಹ್ನ 12ಕ್ಕೆ ಅವರು ಬಗ್ಗಿದಾಗ ಕತ್ತಿನ ಮೇಲೆ ನೆರಳಿದೆಯಾ, 3 ಗಂಟೆಗೆ ಟೋಪಿ ಇನ್ನೂ ತಲೆ ಮೇಲಿದೆಯಾ, ಇವೆರಡು ನೋಡಿದರೆ ಸಾಕು. ಲೋಗೋ ಎಲ್ಲಿ ಹಾಕೋದು ಅಂತ ಆಮೇಲೆ ಯೋಚಿಸಿ. ಹಿಂದಿನ ಬಟ್ಟೆ ಮೇಲೆ ಜಾಗ ಬೇಕಾದಷ್ಟಿದೆ.