‘ಎನಿ ಡೌಟ್ಸ್?’

ಎರಡನೇ ಸೆಮಿಸ್ಟರ್, ಮಧ್ಯಾಹ್ನ ಎರಡು ಗಂಟೆಯ ಕ್ಲಾಸು. ಹಾಸ್ಟೆಲ್ ಅನ್ನ-ಸಾಂಬಾರು ಹೊಟ್ಟೆಯಲ್ಲಿ, ನಿದ್ದೆ ಕಣ್ಣಲ್ಲಿ. ಮೇಷ್ಟ್ರು ಹಳದಿಗಟ್ಟಿದ ನೋಟ್ಸ್ ಹಿಡ್ಕೊಂಡು ಓದ್ತಾ ಇದ್ದರು, ನಾವು ಅರವತ್ತು ಜನ ತಲೆ ಬಗ್ಗಿಸಿ ಬರೀತಾ ಇದ್ವಿ. ಸಿ ಭಾಷೆಯಲ್ಲಿ ಫಂಕ್ಷನ್ನಿಗೆ ಬೆಲೆ ಕಳಿಸುವ ವಿಧಾನ ಎರಡು: ಕಾಲ್ ಬೈ ವ್ಯಾಲ್ಯೂ, ಕಾಲ್ ಬೈ ರೆಫರೆನ್ಸ್. ಮೊದಲನೆಯದರಲ್ಲಿ ಬೆಲೆಯ ಕಾಪಿ ಹೋಗುತ್ತೆ, ಎರಡನೆಯದರಲ್ಲಿ ಅಡ್ರೆಸ್ ಹೋಗುತ್ತೆ. ಕಾಮಾ, ಫುಲ್‌ಸ್ಟಾಪ್ ಕೂಡ ಹೇಳಿ ಬರೆಸಿದರು. ಗಂಟೆ ಮುಗಿಯೋಕೆ ಎರಡು ನಿಮಿಷ ಇದ್ದಾಗ ಎಂದಿನಂತೆ ಆ ಮಾತು: ‘ಎನಿ ಡೌಟ್ಸ್?’

ಅವತ್ತು ಹಿಂದಿನ ಬೆಂಚಿಂದ ಒಬ್ಬ ಎದ್ದ. ನಮ್ಮ ಹಾಸ್ಟೆಲ್ಲಿನವನೇ, ಹತ್ತನೇ ಕ್ಲಾಸಿನವರೆಗೆ ನನ್ನ ಹಾಗೇ ಕನ್ನಡ ಮೀಡಿಯಂ. ‘ಸರ್, ಅಡ್ರೆಸ್ ಕಳಿಸಿದಾಗ್ಲೂ ಹೋಗೋದು ಆ ಅಡ್ರೆಸ್ಸಿನ ಕಾಪಿನೇ ಅಲ್ವಾ? ಹಂಗಾದ್ರೆ ಎರಡನೇದೂ ಬೈ ವ್ಯಾಲ್ಯೂನೇ ಆಯ್ತಲ್ಲ?’ ಕ್ಲಾಸು ನಕ್ಕಿತು. ಪ್ರಶ್ನೆಗಲ್ಲ, ಅವನು ಕನ್ನಡದಲ್ಲಿ ಕೇಳಿದ್ದಕ್ಕೆ. ಮೇಷ್ಟ್ರು ಬೈಯಲಿಲ್ಲ, ಒಳ್ಳೆಯ ಮನುಷ್ಯ. ‘ನೋಟ್ಸಲ್ಲಿ ಇರೋದು ಬರಿಯಪ್ಪಾ, ಮಾರ್ಕ್ಸ್ ಬರುತ್ತೆ’ ಅಂದರು. ಅವನು ಕೂತ. ಉಳಿದ ಮೂರು ವರ್ಷ ಅವನು ಕ್ಲಾಸಲ್ಲಿ ಎದ್ದಿದ್ದು ನಾನು ನೋಡಲಿಲ್ಲ.

ಅವನು ಹೇಳಿದ್ದೇ ಸರಿ. ಸಿ ಭಾಷೆಯಲ್ಲಿ ಎಲ್ಲವೂ ಬೈ ವ್ಯಾಲ್ಯೂ. ಪಾಯಿಂಟರ್ ಕಳಿಸಿದರೆ ಆ ಪಾಯಿಂಟರಿನ ಕಾಪಿ ಹೋಗುತ್ತೆ, ಅಷ್ಟೇ. ನನಗೆ ಇದು ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಒಂದು ಫಂಕ್ಷನ್ನಿಗೆ ಪಾಯಿಂಟರ್ ಕಳಿಸಿ, ಒಳಗೆ `malloc` ಮಾಡಿ, ಹೊರಗೆ ಬಂದು ನೋಡಿದರೆ ಅದು ಇನ್ನೂ `NULL`. ಅಡ್ರೆಸ್ ಕಳಿಸಿದೀನಲ್ಲ, ಬದಲಾಗಲೇಬೇಕಲ್ಲ ಅಂತ ಎರಡು ದಿನ ಒದ್ದಾಡಿದೆ. ಆ ಪ್ರಶ್ನೆಗೆ ಕ್ಲಾಸು ಹತ್ತು ನಿಮಿಷ ಕೊಟ್ಟಿದ್ದರೆ ಆ ಎರಡು ದಿನ ಉಳೀತಿತ್ತು. ಅದು ಹೋಗಲಿ. ಅರವತ್ತು ಜನರಲ್ಲಿ ನಿಜವಾಗಿ ಯೋಚನೆ ಮಾಡಿದವನೊಬ್ಬ ಬಾಯಿ ಮುಚ್ಚಿದ್ದರ ಲೆಕ್ಕ ಯಾವ ಖಾತೆಗೆ ಹಾಕೋದು?

ಖಾತೆ ಅನ್ನೋ ಮಾತು ಸುಮ್ಮನೆ ಬಳಸಲಿಲ್ಲ. ಬ್ರೆಜಿಲ್‌ನ ಪಾವ್ಲೊ ಫ್ರೇರಿ ಇಂಥ ಪಾಠಕ್ಕೆ ಬ್ಯಾಂಕಿಂಗ್ ಶಿಕ್ಷಣ ಅಂತ ಹೆಸರಿಟ್ಟ. ಮೇಷ್ಟ್ರು ಹಣ ಕಟ್ಟುವವರು, ವಿದ್ಯಾರ್ಥಿ ಖಾಲಿ ಖಾತೆ. ತುಂಬಿಸಿದ್ದನ್ನು ಪರೀಕ್ಷೆ ದಿನ ಹಾಗೇ ವಾಪಸ್ ತೆಗೆದು ಕೊಟ್ಟರೆ ಡಿಸ್ಟಿಂಕ್ಷನ್. ಈ ಹೋಲಿಕೆಯನ್ನು ಬಹಳ ಜನ ‘ಬೋರಿಂಗ್ ಕ್ಲಾಸು’ ಅನ್ನೋ ದೂರಾಗಿ ಓದ್ತಾರೆ. ಹಾಗೆ ಓದಿಯೇ ನಮ್ಮ ಕಾಲೇಜುಗಳು ಪ್ರೊಜೆಕ್ಟರ್ ಹಾಕಿಸಿ ‘ಸ್ಮಾರ್ಟ್ ಕ್ಲಾಸ್’ ಅಂತ ಬೋರ್ಡು ತಗಲಿಸಿದ್ದು. ಕೌಂಟರಿನ ಜಾಗಕ್ಕೆ ಮಷೀನ್ ಬಂತು, ವ್ಯವಹಾರ ಅದೇ. ಫ್ರೇರಿಯ ತಕರಾರು ಬೇಸರದ ಬಗ್ಗೆ ಇರಲಿಲ್ಲ. ಹೀಗೆ ಪಾಠ ಕೇಳಿದವನು ಲೋಕ ಇರೋದೇ ಹೀಗೆ, ನಾನು ಹೊಂದಿಕೊಳ್ಳಬೇಕು ಅಷ್ಟೇ ಅಂತ ಕಲೀತಾನೆ ಅನ್ನೋದು ಅವನ ಸಿಟ್ಟು. ನಮ್ಮ ಹುಡುಗ ಅವತ್ತು ಕಲಿತಿದ್ದೂ ಅದನ್ನೇ.

ಫ್ರೇರಿ ಇದನ್ನು ಕುರ್ಚಿಯಲ್ಲಿ ಕೂತು ಬರೆದವನಲ್ಲ. 1963ರಲ್ಲಿ ಬ್ರೆಜಿಲ್‌ನ ಈಶಾನ್ಯದ ಬರಪೀಡಿತ ಊರು ಆಂಜಿಕೋಸ್‌ನಲ್ಲಿ ಸುಮಾರು ಮುನ್ನೂರು ಕೂಲಿಕಾರರಿಗೆ ನಲವತ್ತು ಗಂಟೆಗಳ ಪಾಠದಲ್ಲಿ ಓದು-ಬರಹ ಕಲಿಸುವ ಕೆಲಸ ನಡೆಯಿತು. ಆಗ ಅಲ್ಲಿ ಅಕ್ಷರ ಬಾರದವರಿಗೆ ಓಟು ಇರಲಿಲ್ಲ, ಹಾಗಾಗಿ ಅಕ್ಷರ ಅಂದರೆ ನೇರವಾಗಿ ಅಧಿಕಾರದ ಮಾತು. ಮೊದಲು ಊರಿನಲ್ಲಿ ಓಡಾಡಿ ಜನ ಆಡುವ ಮಾತುಗಳನ್ನು ಕೂಡಿಸಿದರು. ಅದರಿಂದ ಆರಿಸಿದ ಮಾತುಗಳಿಂದಲೇ ಪಾಠ. ಅವನ ಪಾಠಗಳಲ್ಲಿ ಎಲ್ಲರಿಗೂ ನೆನಪಿರೋ ಮಾತು ‘ತಿಜೊಲೊ’, ಅಂದರೆ ಇಟ್ಟಿಗೆ. ಅಕ್ಷರಕ್ಕೆ ಮೊದಲು ಕಟ್ಟಡ ಕೆಲಸದ ಒಂದು ಚಿತ್ರ ತೋರಿಸಿ ಮಾತಿಗೆ ಬಿಡೋರು. ಇಟ್ಟಿಗೆ ಹೊರುವವನಿಗೆ ಸ್ವಂತ ಮನೆ ಇದೆಯಾ, ಯಾಕಿಲ್ಲ? ಆ ಮಾತು ಆದ ಮೇಲೆ ಪದವನ್ನು ಮೂರು ತುಂಡು ಮಾಡಿ, ಒಂದೊಂದರ ಬಳಗವನ್ನೂ ಕಾರ್ಡಿನ ಮೇಲೆ ಬರೆಯೋರು: ತ ತೆ ತಿ ತೊ ತು, ಜ ಜೆ ಜಿ ಜೊ ಜು, ಲ ಲೆ ಲಿ ಲೊ ಲು.

ನಮ್ಮ ಕಾಗುಣಿತವೇ! ಆದರೆ ನಾವು ಕಾಗುಣಿತವನ್ನು ರಾಗವಾಗಿ ಹಾಡಿ ಮುಗಿಸಿದ್ವಿ. ಅಲ್ಲಿ ಕಾರ್ಡು ಕೊಟ್ಟು ಸುಮ್ಮನಾಗೋರು, ತುಂಡುಗಳನ್ನು ಜೋಡಿಸೋದು ಕಲಿಯುವವರ ಕೆಲಸ. ಯಾರೋ ‘ಲೊಜ’ ಅಂತಾರೆ, ಅಂಗಡಿ. ಇನ್ಯಾರೋ ‘ಲುತ’ ಅಂತಾರೆ, ಹೋರಾಟ. ಯಾವ ಪದ ಹುಟ್ಟುತ್ತೆ ಅಂತ ಕಲಿಸುವವನಿಗೆ ಮೊದಲೇ ಗೊತ್ತಿರಲ್ಲ. 1964ರಲ್ಲಿ ಸೇನೆ ಅಧಿಕಾರ ಹಿಡಿದಾಗ ಫ್ರೇರಿಯನ್ನು ಜೈಲಿಗೆ ಹಾಕಿದರು, ಆಮೇಲೆ ಅವನು ದೇಶ ಬಿಡಬೇಕಾಯಿತು. ಕಾಗುಣಿತ ಹೇಳಿಕೊಟ್ಟಿದ್ದಕ್ಕೆ ಜೈಲು ಅಂದರೆ, ಆ ಕಾಗುಣಿತ ಸರಿಯಾದ ಜಾಗಕ್ಕೇ ತಾಗಿತ್ತು ಅಂತ ತಿಳ್ಕೋಬೇಕು.

ಇಷ್ಟು ಹೇಳಿದ್ರೆ ನನ್ನ ಗೆಳೆಯ ನಗ್ತಾನೆ. ಅವನು ಲೆಕ್ಚರರ್. ‘ಲೇ, ಆ ಕೂಲಿಕಾರರಿಗೆ ಐದು ಮಾಡ್ಯೂಲ್ ಇತ್ತೇನೋ? ಸಿಲಬಸ್ ಮುಗಿಸದಿದ್ರೆ ನನ್ನನ್ನ ಮುಗಿಸ್ತಾರೆ.’ ಸುಳ್ಳಲ್ಲ. ಆದರೆ ಸಿಲಬಸ್ ‘ಮುಗಿಯೋದು’ ಅಂದ್ರೇನು? ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಅನ್ನೋ ಭೌತಶಾಸ್ತ್ರದ ಮೇಷ್ಟ್ರು ಇದೇ ಭ್ರಮೆಯಲ್ಲಿದ್ದರು. ಅವರ ಹುಡುಗರು ಕಷ್ಟದ ಲೆಕ್ಕ ಬಿಡಿಸ್ತಿದ್ದರು, ಮೇಷ್ಟ್ರ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಬರೀತಿದ್ದರು. ಒಮ್ಮೆ ಬಲದ ಬಗ್ಗೆ ಸೂತ್ರವೇ ಇಲ್ಲದ ಸರಳ ಪ್ರಶ್ನೆಗಳನ್ನು ಕೊಟ್ಟರೆ ಅವರೇ ಎಡವಿದರು. ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ನೀವು ಹೇಳಿಕೊಟ್ಟ ಹಾಗೆ ಬರೀಲಾ, ನಾನು ಮಾಮೂಲಿಯಾಗಿ ಯೋಚಿಸೋ ಹಾಗೆ ಬರೀಲಾ ಅಂತ. ಖಾತೆಯಲ್ಲಿ ದುಡ್ಡಿತ್ತು, ಅದು ಅವಳದಾಗಿರಲಿಲ್ಲ. 1991ರಿಂದ ಮಜೂರ್ ಪಾಠದ ಕ್ರಮವನ್ನೇ ಬದಲಿಸಿದರು: ಒಂದು ಪ್ರಶ್ನೆ, ಒಬ್ಬೊಬ್ಬರೇ ಯೋಚಿಸಿ ಉತ್ತರಕ್ಕೆ ಓಟು, ಪಕ್ಕದವರ ಜೊತೆ ವಾದ, ಮತ್ತೆ ಓಟು, ಆಮೇಲಷ್ಟೇ ವಿವರಣೆ. ಇಂಥ ಪಾಠಗಳನ್ನು ಬರೀ ಲೆಕ್ಚರಿನ ಜೊತೆ ಹೋಲಿಸಿದ 225 ಅಧ್ಯಯನಗಳನ್ನು ಒಟ್ಟು ಹಾಕಿ 2014ರಲ್ಲಿ ಒಂದು ಲೇಖನ ಬಂತು. ಲೆಕ್ಚರ್ ಕ್ಲಾಸುಗಳಲ್ಲಿ ಫೇಲಾದವರು ಸರಾಸರಿ ನೂರಕ್ಕೆ 34ರ ಹತ್ತಿರ, ಇನ್ನೊಂದರಲ್ಲಿ 22ರ ಹತ್ತಿರ.

ಹೋದ ವರ್ಷ ಅದೇ ಗೆಳೆಯ ‘ಬಾಯಲ್ಲಿ ಹೇಳೋದು ಸುಲಭ, ಬಾ ನೋಡೋಣ’ ಅಂತ ಒಂದು ಶನಿವಾರ ತನ್ನ ಕ್ಲಾಸಿಗೆ ಕರೆದ. ಬೋರ್ಡಿನ ಮೇಲೆ ಇಷ್ಟು ಬರೆದೆ:

```c
#include <stdio.h>
void swap(int a, int b) {
    int t = a; a = b; b = t;
}
int main() {
    int x = 5, y = 10;
    swap(x, y);
    printf("%d %d", x, y);
}
```

ಏನು ಪ್ರಿಂಟಾಗುತ್ತೆ? `10 5`, `5 10`, ಅಥವಾ ಎರರ್. ಎರಡು ನಿಮಿಷ ಯಾರೂ ಮಾತಾಡೋ ಹಾಗಿಲ್ಲ, ಉತ್ತರವನ್ನು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ಳಬೇಕು. ಈ ಬರೆಯೋದು ಮುಖ್ಯ, ಇಲ್ಲದಿದ್ರೆ ಮುಂದಿನ ಬೆಂಚಿನ ಕೈ ನೋಡಿ ಎಲ್ಲರ ಕೈ ಏಳುತ್ತೆ. ಕೈ ಎತ್ತಿಸಿದಾಗ ಅರ್ಧಕ್ಕಿಂತ ಹೆಚ್ಚು `10 5`. ಎರರ್ ಅಂದವರೂ ಒಂದಷ್ಟು ಜನ. ಯಾವುದು ಸರಿ ಅಂತ ನಾನು ಹೇಳಲಿಲ್ಲ. ಬೇರೆ ಉತ್ತರ ಬರೆದವರನ್ನು ಹುಡುಕಿ ವಾದ ಮಾಡಿ, ಯಾವ ಭಾಷೆಯಲ್ಲಾದರೂ ಮಾಡಿ ಅಂದೆ. ಐದು ನಿಮಿಷ ಸಂತೆ. ಎರರ್ ಅಂದ ಹುಡುಗನ ಕಾರಣ ಕೇಳಿದೆ. ‘`x`, `y` ಕಳಿಸಿ ಒಳಗೆ `a`, `b` ಅಂದ್ರೆ ಅದಕ್ಕೆ ಹೆಂಗ್ ಗೊತ್ತಾಗುತ್ತೆ ಸರ್?’ ಎಂಥಾ ಒಳ್ಳೆ ತಪ್ಪು! ಹೆಸರಿಗೂ ಮೆಮೊರಿಯ ಜಾಗಕ್ಕೂ ಇರೋ ವ್ಯತ್ಯಾಸ ಅವನಿಗೆ ಯಾರೂ ತೋರಿಸಿರಲಿಲ್ಲ, ವ್ಯಾಖ್ಯೆ ಮಾತ್ರ ಬಾಯಿಪಾಠ ಆಗಿತ್ತು. ಎರಡನೇ ಓಟಿನಲ್ಲಿ ಬಹುಪಾಲು ಕೈ `5 10`ಕ್ಕೆ ಎದ್ದವು. ರನ್ ಮಾಡಿ ತೋರಿಸಿದೆ.

ಯಾಕೆ ಅಂತ ಕೇಳಿದ್ದಕ್ಕೆ ಕೊನೇ ಸಾಲಿನ ಒಬ್ಬಳು ಹೇಳಿದಳು: ‘ಪಹಣಿ ಜೆರಾಕ್ಸ್ ಮೇಲೆ ಹೆಸರು ತಿದ್ದಿದ್ರೆ ತಾಲ್ಲೂಕಾಫೀಸಲ್ಲಿ ಬದಲಾಗಲ್ವಲ್ಲ ಸರ್, ಹಂಗೆ.’ ಹಾಗಾದ್ರೆ ನಿಜವಾಗಿ ಬದಲಾಯಿಸೋಕೆ ಏನು ಕಳಿಸಬೇಕು? ‘ಸರ್ವೆ ನಂಬರ್.’ ಪಾಯಿಂಟರ್ ಬೋರ್ಡಿಗೆ ಬಂದಿದ್ದು ಆಗ. ಅದಾದ ಮೇಲೆ ನಾನು ಹದಿನೈದು ನಿಮಿಷ ಲೆಕ್ಚರೇ ಹೊಡೆದೆ, ಒಬ್ಬರೂ ತೂಕಡಿಸಲಿಲ್ಲ. ಲೆಕ್ಚರ್ ಮೇಲೆ ನನಗೆ ದ್ವೇಷ ಇಲ್ಲ. ಪ್ರಶ್ನೆ ಹುಟ್ಟಿದ ಮೇಲೆ ಬರೋ ಲೆಕ್ಚರಿನಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ.

ಇದು ಕೆಡೋದು ಹೇಗೆ ಅನ್ನೋದೂ ಗೊತ್ತು. ಪ್ರಶ್ನೆ ತೀರಾ ಸುಲಭ ಆದ್ರೆ ಮೊದಲ ಓಟಲ್ಲೇ ಎಲ್ಲರೂ ಸರಿ, ವಾದಕ್ಕೆ ಏನೂ ಉಳಿಯಲ್ಲ. ತೀರಾ ಕಷ್ಟ ಆದ್ರೆ ಕುರುಡರು ಕುರುಡರಿಗೆ ದಾರಿ ತೋರಿಸಿದ ಹಾಗೆ. ಅರ್ಧದಷ್ಟು ಜನ ಎಡವುವಂಥ ಪ್ರಶ್ನೆ ಬೇಕು, ಅದನ್ನು ಹುಡುಕೋದು ನೋಟ್ಸ್ ಬರೆಸೋದಕ್ಕಿಂತ ಹತ್ತು ಪಟ್ಟು ಕೆಲಸ. ಇನ್ನೊಂದು ಕೇಡು ನಯವಾದದ್ದು. ಮೇಷ್ಟ್ರು ನಗುನಗುತ್ತಾ ಇಪ್ಪತ್ತು ಪ್ರಶ್ನೆ ಕೇಳ್ತಾರೆ, ತಮ್ಮ ಮನಸ್ಸಲ್ಲಿರೋ ಉತ್ತರ ಬರೋವರೆಗೆ ‘ಅಲ್ಲ, ನೆಕ್ಸ್ಟ್’ ಅಂತ ದಾಟ್ತಾರೆ. ಅದೂ ಬ್ಯಾಂಕೇ, ಬರೀ ಟೋಕನ್ ಕೊಟ್ಟು ಸಾಲಲ್ಲಿ ನಿಲ್ಲಿಸಿದ್ದಾರೆ. ನೋಡಬೇಕಾದ್ದು ಒಂದೇ: ತಪ್ಪು ಉತ್ತರದ ಕಾರಣ ಬೋರ್ಡಿನ ಮೇಲೆ ಬರುತ್ತಾ, ಇಲ್ವಾ?

ಮಜೂರ್ ವಿಧಾನ ಅಂದ್ರೇನೇ ಫ್ರೇರಿ ಅಂತಲೂ ನಾನು ಹೇಳ್ತಿಲ್ಲ. ಮಜೂರ್ ಕ್ಲಾಸಲ್ಲೂ ಪ್ರಶ್ನೆ ಆರಿಸೋದು ಮೇಷ್ಟ್ರೇ. ಫ್ರೇರಿ ಅದಕ್ಕೂ ಹಿಂದಕ್ಕೆ ಹೋಗ್ತಾನೆ: ಯಾರ ಬದುಕಿಂದ ಪ್ರಶ್ನೆ ಬಂತು, ಯಾರ ಮಾತಲ್ಲಿ ಬಂತು? ‘ಎನಿ ಡೌಟ್ಸ್?’ ಅಂತ ಇಂಗ್ಲಿಷಲ್ಲಿ ಕೇಳಿ, ಕನ್ನಡದಲ್ಲಿ ಬಂದ ಡೌಟಿಗೆ ಕ್ಲಾಸು ನಗೋದನ್ನು ಸುಮ್ಮನೆ ನೋಡ್ತಾ ನಿಂತರೆ, ಹಳ್ಳಿ ಹುಡುಗರು ಸೈಲೆಂಟು, ಕಮ್ಯುನಿಕೇಶನ್ ಸ್ಕಿಲ್ಸ್ ಇಲ್ಲ ಅಂತ ಆಮೇಲೆ ಅಲವತ್ತುಕೊಳ್ಳೋ ಹಕ್ಕು ಯಾರಿಗೂ ಇಲ್ಲ. ಮೌನ ಅವರು ಊರಿಂದ ತಂದಿದ್ದಲ್ಲ, ಬಸ್‌ಸ್ಟ್ಯಾಂಡಲ್ಲಿ ಅವರ ಮಾತು ಕೇಳಿ ನೋಡಿ. ನಾವೇನು ಕಮ್ಮಿ? ‘ಫ್ರೆಶರ್‌ಗಳು ಪ್ರಶ್ನೆನೇ ಕೇಳಲ್ಲ ಗುರು’ ಅಂತ ಕಾಫಿ ಮಷೀನ್ ಪಕ್ಕ ಗೊಣಗೋರು, ಅವರು ಸೇರಿದ ಮೊದಲ ವಾರ ಎಂಬತ್ತು ಸ್ಲೈಡ್ ಓದಿ ಕೊನೇಲಿ ಅದೇ ಎರಡು ಪದ ಹೇಳೋರು ನಾವೇ.

ಗೆಳೆಯನ ಸಿಲಬಸ್ ಆ ಶನಿವಾರ ಒಂದು ಕ್ಲಾಸಿನಷ್ಟು ಹಿಂದೆ ಬಿತ್ತು, ಇನ್ನೂ ಅದಕ್ಕೆ ನನ್ನನ್ನು ಬೈತಾನೆ. ಯೂನಿವರ್ಸಿಟಿ ಪೇಪರು ಅವನ ಕೈಲಿಲ್ಲ. ಇಂಟರ್ನಲ್ಸ್ ಪೇಪರು ಇದೆ. ಈ ಸಲ ಅದರಲ್ಲಿ ‘ಕಾಲ್ ಬೈ ವ್ಯಾಲ್ಯೂಗೂ ಕಾಲ್ ಬೈ ರೆಫರೆನ್ಸ್‌ಗೂ ವ್ಯತ್ಯಾಸ ಬರೆಯಿರಿ’ ಅನ್ನೋದನ್ನು ತೆಗೆದು, ‘ಪಾಯಿಂಟರ್ ಕಳಿಸಿದಾಗಲೂ ಕಾಪಿಯೇ ಹೋಗುತ್ತದೆ ಎಂದು ನಿಮ್ಮ ಗೆಳೆಯ ವಾದಿಸುತ್ತಾನೆ. ಒಪ್ಪುತ್ತೀರಾ? ಒಂದು ಪ್ರೋಗ್ರಾಂ ಬರೆದು ತೋರಿಸಿ’ ಅಂತ ಹಾಕಿದ್ದಾನೆ. ಅದಕ್ಕೆ ಸ್ಕೀಮ್ ಆಫ್ ವ್ಯಾಲ್ಯುಯೇಶನ್ ಎಲ್ಲಿ ಅಂತ ಹೆಚ್‌ಒಡಿ ಕೇಳ್ತಾ ಇದ್ದಾರಂತೆ.