ತಪ್ಪಿದ ಗುರುವಾರಕ್ಕೊಂದು ಮೇಲ್

ವಾರದ ಭೇಟಿಗೆ ಹೋಗದೆ, ಹೇಳಿದ ದಿನಕ್ಕೆ ಅಧ್ಯಾಯವನ್ನೂ ಕೊಡದೆ ಉಳಿದ ಸಂಶೋಧನಾರ್ಥಿ ಮಾರ್ಗದರ್ಶಕರಿಗೆ ಮೇಲ್ ಬರೆಯಬೇಕೇ, ಖುದ್ದಾಗಿ ಹೋಗಿ ಹೇಳಬೇಕೇ ಎಂಬ ಜಗಳ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ಹಳೆಯದು. ಮೇಲ್ ಬರೆಯುವುದು ಉದ್ಧಟತನ, ಮುಖ ತೋರಿಸಲಾರದವರ ಉಪಾಯ ಎನ್ನುವ ಹಿರಿಯರಿದ್ದಾರೆ. ಬಾಯಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ, ಬರೆದಿಟ್ಟರೆ ಆಧಾರ ಎನ್ನುವ ಕಿರಿಯರಿದ್ದಾರೆ. ಮರ್ಯಾದೆಯ ಈ ವಾದದಲ್ಲಿ ಮೇಲ್‌ನೊಳಗೆ ಏನಿರಬೇಕು ಎಂದು ಯಾರೂ ಕೇಳುವುದಿಲ್ಲ. ಬರೆಯುವವರ ಮೇಲ್‌ಗಳಲ್ಲೂ ಕ್ಷಮೆ ಧಾರಾಳವಾಗಿರುತ್ತದೆ, ಅಧ್ಯಾಯದ ಸುದ್ದಿ ಇರುವುದಿಲ್ಲ.

ಮೇಲ್ ಬೇಕೇ ಬೇಕು ಎನ್ನಲು ಕಾರಣ ನಿಯಮದಲ್ಲೇ ಇದೆ. ಪಿಎಚ್‌.ಡಿ. ಪದವಿಗೆ ಸಂಬಂಧಿಸಿದ ಯುಜಿಸಿಯ 2022ರ ನಿಯಮಾವಳಿ ವಾರದ ಭೇಟಿಯನ್ನು ಕಡ್ಡಾಯ ಮಾಡಿಲ್ಲ. ಅದು ಮಾರ್ಗದರ್ಶಕರು ಮತ್ತು ವಿದ್ಯಾರ್ಥಿ ತಮ್ಮತಮ್ಮಲ್ಲೇ ಮಾಡಿಕೊಂಡ ರೂಢಿ. ಕಡ್ಡಾಯವಾಗಿರುವುದು ಪ್ರತಿ ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸುವುದು. ಆ ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ. ಪ್ರಗತಿ ಸಾಲದು ಎನಿಸಿದರೆ ಸಮಿತಿ ಕಾರಣ ದಾಖಲಿಸಿ, ಸರಿಪಡಿಸುವ ದಾರಿ ಸೂಚಿಸಬೇಕು. ಸೂಚನೆ ಪಾಲನೆಯಾಗದಿದ್ದರೆ ನೋಂದಣಿ ರದ್ದತಿಗೂ ಶಿಫಾರಸು ಮಾಡಬಹುದು. ಅಂದರೆ ತೀರ್ಪು ಬರುವುದು ಆರು ತಿಂಗಳಿಗೊಮ್ಮೆ, ಅದಕ್ಕೆ ಬೇಕಾದ ಸಂಗತಿಗಳು ನಡೆಯುವುದು ವಾರವಾರವೂ ಮುಚ್ಚಿದ ಕೋಣೆಯಲ್ಲಿ. ನಡುವಿನ ಅವಧಿಯಲ್ಲಿ ಏನಾಯಿತೆಂದು ತೋರಿಸಲು ಬಹುಪಾಲು ಕಡತಗಳಲ್ಲಿ ಒಂದು ಹಾಳೆಯೂ ಇರುವುದಿಲ್ಲ.

ರೂಢಿಯ ಮೇಲ್ ಹೇಗಿರುತ್ತದೆಂದು ವಿಭಾಗದಲ್ಲಿ ಒಂದು ವರ್ಷ ಕಳೆದವರಿಗೆಲ್ಲ ಗೊತ್ತು. ‘ಪೂಜ್ಯ ಗುರುಗಳಿಗೆ ಸಾಷ್ಟಾಂಗ ಪ್ರಣಾಮಗಳು. ಆರೋಗ್ಯ ಸರಿಯಿಲ್ಲದ ಕಾರಣ ಬರಲಾಗಲಿಲ್ಲ. ದಯವಿಟ್ಟು ಅನ್ಯಥಾ ಭಾವಿಸಬಾರದು. ಅಧ್ಯಾಯ ಬಹುತೇಕ ಮುಗಿದಿದೆ, ಆದಷ್ಟು ಬೇಗ ಸಲ್ಲಿಸುತ್ತೇನೆ.’ ಇದರಲ್ಲಿ ಮಾರ್ಗದರ್ಶಕರು ಉತ್ತರ ಕೊಡಬಹುದಾದ ವಾಕ್ಯ ಒಂದೂ ಇಲ್ಲ. ‘ಬಹುತೇಕ’ ಎಂದರೆ ಎಷ್ಟು ಪುಟ, ‘ಬೇಗ’ ಎಂದರೆ ಯಾವ ತಾರೀಕು? ಇಂಥ ಮೇಲ್ ಬರೆದವರು ಎರಡು ವಾರದ ಮೇಲೆ ಇದನ್ನೇ ಇನ್ನಷ್ಟು ವಿನಯದಿಂದ ಬರೆಯಬೇಕಾಗುತ್ತದೆ. ಜ್ವರ ನಿಜವಾಗಿಯೂ ಬಂದಿದ್ದರೂ ಮೂರನೆಯ ಸಲದ ಹೊತ್ತಿಗೆ ಯಾರೂ ನಂಬುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ವಿದ್ಯಾರ್ಥಿನಿಯೊಬ್ಬಳ ಮೂರನೆಯ ಅಧ್ಯಾಯ ಸೊರಬ ಸೀಮೆಯ ವೀರಗಲ್ಲುಗಳ ಬಗ್ಗೆ. ಆ ತಾಲೂಕಿನ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೆಯ ಸಂಪುಟದಲ್ಲಿ ಅಚ್ಚಾಗಿವೆ. ಅಚ್ಚಾದ ಪಾಠ ಹಿಡಿದು ಊರೂರಿಗೆ ಹೋದರೆ ಕೆಲಸ ಹದಿನೈದು ದಿನದ್ದು ಎಂದು ಲೆಕ್ಕ ಹಾಕಿ ಆಕೆ ದಿನಾಂಕ ಕೊಟ್ಟಿರುತ್ತಾಳೆ. ಹೋಗಿ ನೋಡಿದರೆ ಕೆಲವು ಕಲ್ಲು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಜಾಗ ಬಿಟ್ಟಿವೆ, ಕೆಲವಕ್ಕೆ ಸುಣ್ಣ ಬಳಿದಿದೆ. ವೀರಗಲ್ಲಿನ ಬರಹ ಇರುವುದು ಶಿಲ್ಪದ ಹಂತಗಳ ನಡುವಿನ ಕಿರುಪಟ್ಟಿಯಲ್ಲಿ. ಸುಣ್ಣ ಮೊದಲು ತುಂಬಿಕೊಳ್ಳುವುದು ಅಲ್ಲಿಯ ಅಕ್ಷರಗಳನ್ನೇ. ಅದನ್ನು ತೊಳೆದು ಪಡಿಯಚ್ಚು ತೆಗೆಯದೆ ಅಚ್ಚಾದ ಪಾಠ ಸರಿಯೋ ತಪ್ಪೋ ಹೇಳಲಾಗದು. ಅಧ್ಯಾಯ ತಡವಾದದ್ದು ಸೋಮಾರಿತನದಿಂದಲ್ಲ, ಹಾಗೆಂದು ಮಾರ್ಗದರ್ಶಕರಿಗೆ ಗೊತ್ತಾಗುವ ಬಗೆಯೂ ಇಲ್ಲ. ಮುಖ ತೋರಿಸಲು ಹೆದರಿ ಗುರುವಾರದ ಭೇಟಿಯನ್ನೂ ತಪ್ಪಿಸಿದ್ದಾಳೆ.

ಶುಕ್ರವಾರ ಬೆಳಿಗ್ಗೆ ಆಕೆ ಬರೆಯಬೇಕಾದ ಮೇಲ್ ಇಷ್ಟು:

‘ಸರ್, ನಮಸ್ಕಾರ. ನಿನ್ನೆ 11 ಗಂಟೆಯ ಭೇಟಿಗೆ ಬರಲಿಲ್ಲ, ಮೊದಲೇ ತಿಳಿಸಲೂ ಇಲ್ಲ, ತಪ್ಪು ನನ್ನದು. ನಿನ್ನೆ ಕೊಡಬೇಕಿದ್ದ ಮೂರನೆಯ ಅಧ್ಯಾಯ ಮುಗಿದಿಲ್ಲ. ಪಟ್ಟಿಯ 40 ಕಲ್ಲುಗಳಲ್ಲಿ 26 ನೋಡಿದ್ದೇನೆ, 5 ಹೇಳಿದ ಜಾಗದಲ್ಲಿಲ್ಲ, 9 ಬಾಕಿ. ನೋಡಿದವುಗಳಲ್ಲಿ 4 ಕಲ್ಲುಗಳ ಬರಹ ಅಚ್ಚಾದ ಪಾಠಕ್ಕೆ ಹೊಂದುತ್ತಿಲ್ಲ. ಅಧ್ಯಾಯದ ಮೊದಲ ಎರಡು ಭಾಗ, 18 ಪುಟ, ಲಗತ್ತಿಸಿದ್ದೇನೆ. ಮೂರನೆಯ ಭಾಗ ಬರೆದಿಲ್ಲ. ಬಾಕಿ ಕಲ್ಲುಗಳನ್ನು ನೋಡಿ 20ನೇ ತಾರೀಕಿಗೆ ಕೊಡುತ್ತೇನೆ. ಒಂದು ವಿಷಯ ತಾವು ಹೇಳಬೇಕು: ಸಿಗದ 5 ಕಲ್ಲುಗಳನ್ನು ಅಚ್ಚಾದ ಪಾಠದ ಮೇಲೆ ಲೆಕ್ಕಕ್ಕೆ ಹಿಡಿಯಲೇ, ಬಿಡಲೇ? ಮುಂದಿನ ಗುರುವಾರ 11ಕ್ಕೆ ಬರುತ್ತೇನೆ.’

ಕ್ಷಮೆಗೆ ಇಲ್ಲಿ ಒಂದೇ ವಾಕ್ಯ, ಅದೂ ಮೊದಲಲ್ಲೇ ಮುಗಿಯುತ್ತದೆ. ಭೇಟಿ ತಪ್ಪಿದ್ದಕ್ಕೂ ಅಧ್ಯಾಯ ತಡವಾದದ್ದಕ್ಕೂ ಗಂಟು ಹಾಕಿಲ್ಲ. ಇವೆರಡನ್ನೂ ಒಂದೇ ಜ್ವರದ ತಲೆಗೆ ಕಟ್ಟುವುದು ಸಾಮಾನ್ಯ ಚಾಳಿ, ಓದುವವರಿಗೆ ಮೊದಲು ಅನುಮಾನ ಹುಟ್ಟುವುದೂ ಅಲ್ಲೇ. ಅರ್ಧಂಬರ್ಧ ಬರೆದದ್ದನ್ನು ಲಗತ್ತಿಸಲು ವಿದ್ಯಾರ್ಥಿಗಳಿಗೆ ನಾಚಿಕೆ. ಆದರೆ ಆ 18 ಪುಟಗಳ ಮುಂದೆ ಉಳಿದ ಮಾತೆಲ್ಲ ಗೌಣ. ಇಡೀ ಮೇಲ್‌ನ ಜೀವ ಇರುವುದು ಕೊನೆಯ ಪ್ರಶ್ನೆಯಲ್ಲಿ. ಸಿಗದ ಕಲ್ಲನ್ನು ಎಣಿಸಬೇಕೇ ಬೇಡವೇ ಎಂಬುದು ಅಧ್ಯಾಯದ ತೀರ್ಮಾನವನ್ನೇ ಬದಲಿಸಬಲ್ಲ ಸಂಗತಿ. ಅದನ್ನು ಹೇಳಬೇಕಾದವರು ಮಾರ್ಗದರ್ಶಕರು, ಕೇಳಬೇಕಾದ ಹೊತ್ತು ಇದೇ.

20ನೇ ತಾರೀಕೂ ತಪ್ಪಿದರೆ ಇದೇ ಮೇಲ್‌ಗೆ ದಿನಾಂಕ ಬದಲಿಸಿ ಕಳಿಸಿದರೆ ಸಾಲದು. ಎರಡನೆಯ ಸಲ ತಪ್ಪಿತೆಂದರೆ ಅಧ್ಯಾಯದ ವ್ಯಾಪ್ತಿಯೇ ದೊಡ್ಡದಾಗಿದೆ ಎಂದು ತಿಳಿಯಬೇಕು. ಆಗ ಬರೆಯಬೇಕಾದದ್ದು ಹೊಸ ದಿನಾಂಕವನ್ನಲ್ಲ, ಏನನ್ನು ಕೈಬಿಡಬಹುದು ಎಂಬುದನ್ನು. 40ರ ಬದಲು 30 ಕಲ್ಲು, ತಾಲೂಕಿನ ಬದಲು ಒಂದು ಹೋಬಳಿ. ವಾಟ್ಸ್ಆ್ಯಪ್‌ನಲ್ಲಿ ಇದನ್ನೆಲ್ಲ ಹೇಳಿ ಮುಗಿಸುವವರಿದ್ದಾರೆ. ಫೋನ್ ಬದಲಾದ ದಿನ ಆ ಮಾತುಕತೆ ಹೋಯಿತೆಂದೇ ಲೆಕ್ಕ.

ಇನ್ನು ಮಾರ್ಗದರ್ಶಕರ ಪಾಲು. ಹಿರಿಯರ ಆಕ್ಷೇಪದಲ್ಲಿ ಒಂದಂಶ ನ್ಯಾಯ ಇದೆ: ವಾರಕ್ಕೊಂದು ಗಂಟೆ ಎತ್ತಿಟ್ಟು ಕಾದವರಿಗೆ ಮರುದಿನ ಮೇಲ್ ಬಂದರೆ ಸಿಟ್ಟು ಬರುವುದು ಸಹಜ. ನಿಯಮದಂತೆ ಒಬ್ಬ ಪ್ರೊಫೆಸರ್ 8 ವಿದ್ಯಾರ್ಥಿಗಳವರೆಗೆ ತೆಗೆದುಕೊಳ್ಳಬಹುದು, ಅಷ್ಟೂ ಜನರ ಕಲ್ಲುಗಳ ಲೆಕ್ಕ ತಲೆಯಲ್ಲಿಟ್ಟುಕೊಳ್ಳಲು ಯಾರಿಗೂ ಆಗದು. ಬರಹದ ಲೆಕ್ಕ ಅವರಿಗೇ ಹೆಚ್ಚು ಉಪಯೋಗ ಎನ್ನುವುದೂ ಈ ಕಾರಣಕ್ಕೇ. ಆದರೆ ‘ಬಂದು ಕಾಣು’ ಎಂದು ಫೋನಿನಲ್ಲಿ ಹೇಳಿ ಮೇಲ್‌ಗೆ ಉತ್ತರಿಸದೆ ಬಿಡುವುದು, ಆಮೇಲೆ ಸಮಿತಿಯಲ್ಲಿ ‘ಪ್ರಗತಿ ತೃಪ್ತಿಕರವಲ್ಲ’ ಎಂದು ಷರಾ ಬರೆಯುವುದು ಅನ್ಯಾಯ. ಸಿಗದ ಐದು ಕಲ್ಲುಗಳನ್ನು ಬಿಡು ಎಂದು ಒಂದು ಸಾಲು ಬರೆಯಲು ಎರಡು ನಿಮಿಷ ಸಾಕು. ಆ ಸಾಲು ಬಾರದಿದ್ದರೆ ವಿದ್ಯಾರ್ಥಿಯ ಮೇಲ್ ಏಕಪಕ್ಷೀಯ ಹೇಳಿಕೆಯಾಗಿಯೇ ಉಳಿಯುತ್ತದೆ. ಮೊದಲ ಮೇಲ್‌ನಲ್ಲೇ ವಿಭಾಗದ ಮುಖ್ಯಸ್ಥರಿಗೂ ಪ್ರತಿ ಹಾಕುವುದು ಮಾತ್ರ ಅವಿವೇಕ. ಅದು ಲೆಕ್ಕ ಒಪ್ಪಿಸಿದಂತಲ್ಲ, ದೂರು ಕೊಟ್ಟಂತೆ.

ಸಲಹಾ ಸಮಿತಿಗಳು ಆರು ತಿಂಗಳ ಪ್ರಗತಿ ವರದಿಯ ಜೊತೆಗೆ ಈ ಮೇಲ್‌ಗಳನ್ನೂ, ಅವಕ್ಕೆ ಬಂದ ಉತ್ತರಗಳನ್ನೂ ತರಿಸಿಕೊಂಡು ಓದಬೇಕು. ಮೇಲ್ ಇದ್ದು ಉತ್ತರವಿಲ್ಲದ ಕಡತ ಎದುರಿಗೆ ಬಂದಾಗ, ವಿದ್ಯಾರ್ಥಿಯ ಹೆಸರಿನ ಮುಂದೆ ಷರಾ ಬರೆಯುವ ಮೊದಲು ಅದೇ ಮೇಜಿನ ಬಳಿ ಕುಳಿತಿರುವ ಸಂಚಾಲಕರನ್ನು ಕೇಳಬೇಕು.